ಕಲಬುರಗಿಯಿಂದ ಡಲ್ಲಾಸ್‌ಗೆ: ಒಬ್ರು ಅಕ್ಕೋರ ಗುಳಿಗಿ, ಇನ್ಸುಲಿನ್ ಮತ್ತ ಹತ್ತೂವರಿ ತಾಸಿನ ಫರಕು

ಔಷಧ ಚೀಟಿ ಮ್ಯಾಲ "ರಾತ್ರಿ 9ಕ್ಕ" ಅಂತ ಬರ್ದಿರ್ತದ. ಊರಾಗ ಇರೋತನ ಅದಕ್ಕ ಅರ್ಥ ಅದ, ಖರೇ ಪೇಷಂಟ್ ವಿಮಾನ ಹತ್ತಿ ಹತ್ತು ತಾಸು ಹಿಂದಿರೋ ದೇಶಕ್ಕ ಹೋದ್ರ ಯಾವ ಊರಿನ ರಾತ್ರಿ 9 ಹಿಡೀಬೇಕು ಅನ್ನೋದು ಚೀಟಿದಾಗ ಇರಂಗಿಲ್ಲ. ನಮ್ಮ ಕಡಿಂದ ಮಗಳ ಬಾಣಂತನ, ಸೊಸಿ ಬಾಣಂತನ ಅಂತ ಅಮೆರಿಕಕ್ಕ ಹೋಗೋ ತಾಯಂದ್ರು ಈಗ ಭಾಳ ಅದಾರ, ಅವರಾಗ ಅರ್ಧಕ್ಕರ್ಧ ಮಂದಿ ಶುಗರ್ ಬಿಪಿ ಇದ್ದವ್ರೇ ನನ್ನ ಹತ್ರ ಬರ್ತಾರ, ಅದಕ್ಕ ಒಬ್ರು ಪೇಷಂಟ್‌ದು ಪೂರ್ತಿ ಬರೀತಿದ್ದೀನಿ. ಅವರ ಒಪ್ಪಿಗಿ ತಗೊಂಡೀನಿ, ಗುರ್ತು ಸಿಗೋ ವಿವರ ಬಿಟ್ಟೀನಿ.

ಪೇಷಂಟ್ 64 ವರ್ಷದ ರಿಟೈರ್ಡ್ ಶಾಲಿ ಅಕ್ಕೋರು, ಕಲಬುರಗಿಯವ್ರು. ಟೈಪ್ 2 ಡಯಾಬಿಟಿಸ್ ಹದಿನೈದು ವರ್ಷದ ಮ್ಯಾಲಾತು, ಬಿಪಿ ಅದ, ಥೈರಾಯ್ಡ್ ಅದ. ಕಿಡ್ನಿ ಚೊಲೊ ಅದ, ಹಾರ್ಟ್ ತೊಂದ್ರಿ ಇಲ್ಲ. ತಗೋತಿದ್ದ ಔಷಧ ಇಷ್ಟು: ಮುಂಜಾನಿ 6ಕ್ಕ ಖಾಲಿ ಹೊಟ್ಟಿಗೆ ಲೆವೊಥೈರಾಕ್ಸಿನ್ 50 ಮೈಕ್ರೋಗ್ರಾಂ, ನಾಷ್ಟಾ ಜೋಡಿ ಅಮ್ಲೋಡಿಪಿನ್ 5 ಮಿಲಿಗ್ರಾಂ, ನಾಷ್ಟಾಕ್ಕ ಒಂದು ರಾತ್ರಿ ಊಟಕ್ಕ ಒಂದು ಗ್ಲಿಮೆಪಿರೈಡ್ 1 ಮೆಟ್‌ಫಾರ್ಮಿನ್ 500 ಕೂಡಿದ ಗುಳಿಗಿ, ಆಮ್ಯಾಲ ರಾತ್ರಿ 9ಕ್ಕ ಗ್ಲಾರ್ಜಿನ್ ಇನ್ಸುಲಿನ್ 18 ಯೂನಿಟ್ ಪೆನ್ನಿನಿಂದ. ಮೇ ಕೊನೆಗೆ ಒಬ್ರೇ ಹೊಂಟಿದ್ರು, ಹೈದರಾಬಾದ್‌ದಿಂದ ದೋಹಾ, ದೋಹಾದಿಂದ ಡಲ್ಲಾಸ್.

ಅವರು ಕ್ಲಿನಿಕ್‌ಗೆ ಬಂದಾಗ ಕೇಳಿದ್ದು ಒಂದೇ ಪ್ರಶ್ನಿ. "ಡಾಕ್ಟರ್ ಸಾಹೇಬ್ರ, ಮಗಳು ಅಂತಾಳ ಅಲ್ಲಿ ಇಳಿದ ದಿನದಿಂದಲೇ ಅಲ್ಲಿ ಟೈಮ್ ಪ್ರಕಾರ ಎಲ್ಲಾ ತಗೋ ಅಂತ, ನಮ್ಮ ಮೈದುನ ಅಂತಾರ ಊರ ಟೈಮೇ ನಡಿಸ್ರಿ ಅಂತ, ಯಾರ ಮಾತು ಕೇಳ್ಲಿ?" ನಾ ಹೇಳಿದ್ದು, "ಅಕ್ಕೋರ್ರಿ, ಇಬ್ರೂ ಅರ್ಧ ಅರ್ಧ ಖರೇ ಹೇಳ್ಯಾರ. ನಿಮ್ಮ ಒಂದೊಂದು ಔಷಧಕ್ಕ ಒಂದೊಂದು ಲೆಕ್ಕ ಅದ." ಈ ಪ್ರಕರಣದಾಗ ತಿಳ್ಕೋಬೇಕಾದ್ದು ಇದೇ. ಎಲ್ಲಾ ಔಷಧಾನೂ ಒಂದೇ ಗಡಿಯಾರಕ್ಕ ಕಟ್ಟಿದ್ರ ಯಾವುದೋ ಒಂದು ತಪ್ತದ.

ಮೊದಲ ಟೈಮಿನ ಲೆಕ್ಕ ನೋಡ್ರಿ. ಬ್ಯಾಸಗಿದಾಗ ಡಲ್ಲಾಸ್ ನಮಗಿಂತ ಹತ್ತೂವರಿ ತಾಸು ಹಿಂದ ಇರ್ತದ, ಅಂದ್ರ ಕಲಬುರಗಿದಾಗ ರಾತ್ರಿ 9 ಆದಾಗ ಅಲ್ಲಿ ಅದೇ ದಿನ ಮುಂಜಾನಿ 10:30. ಪಶ್ಚಿಮಕ್ಕ ಹೋಗೋವಾಗ ದಿನ ಉದ್ದ ಆಗ್ತದ. ಊರಾಗ ಬುಧವಾರ ರಾತ್ರಿ 9ಕ್ಕ ಇನ್ಸುಲಿನ್ ತಗೊಂಡು ಮುಂದಿಂದು ಡಲ್ಲಾಸ್‌ದಾಗ ಗುರುವಾರ ರಾತ್ರಿ 9ಕ್ಕ ಅಂತ ಇಟ್ಕೊಂಡ್ರ ನಡುವ 24 ತಾಸಲ್ಲ, ಮೂವತ್ನಾಲ್ಕೂವರಿ ತಾಸು ಆಗ್ತದ. ವಾಪಸ್ ಬರೋವಾಗ ಉಲ್ಟಾ, ಒಂದು ರಾತ್ರಿ 9ರಿಂದ ಇನ್ನೊಂದು ರಾತ್ರಿ 9ಕ್ಕ ಬರೇ ಹದಿಮೂರೂವರಿ ತಾಸು. ಹೋಗೋವಾಗ ತೆರವು ಬೀಳೋ ಅಪಾಯ, ಬರೋವಾಗ ಡೋಸ್ ಮ್ಯಾಲ ಡೋಸ್ ಬೀಳೋ ಅಪಾಯ, ಇದರಾಗ ಎರಡನೇದೇ ಹೆಚ್ಚು ಕೆಟ್ಟದ್ದು.

ಥೈರಾಯ್ಡ್ ಗುಳಿಗಿ ಬಗ್ಗೆ ಅಕ್ಕೋರಿಗೆ ಎಲ್ಲಕ್ಕಿಂತ ಹೆಚ್ಚು ಚಿಂತಿ ಇತ್ತು, ಯಾಕಂದ್ರ ವರ್ಷಾನುಗಟ್ಲೆ ಬರೋಬ್ಬರಿ 6ಕ್ಕ ಎದ್ದು ತಗೊಂಡವ್ರು. ಖರೇ ನೋಡಿದ್ರ ಅದಕ್ಕ ಚಿಂತಿ ಬ್ಯಾಡೇ ಬ್ಯಾಡ. ಲೆವೊಥೈರಾಕ್ಸಿನ್ ಮೈಯಾಗ ಅರ್ಧ ಕಮ್ಮಿ ಆಗ್ಲಿಕ್ಕೇ ಸುಮಾರು ಏಳು ದಿನ ಬೇಕು, ಹತ್ತು ತಾಸು ಆಚೆ ಈಚೆ ಆದ್ರ ರಕ್ತದಾಗಿನ ಪ್ರಮಾಣ ಅಲುಗಾಡಂಗೂ ಇಲ್ಲ. ಹೊಂಟ ದಿನ ಮುಂಜಾನಿದು ತಗೋರಿ, ಮುಂದಿಂದು ಡಲ್ಲಾಸ್‌ದಾಗ ಮರುದಿನ ಮುಂಜಾನಿ ಎದ್ದ ಕೂಡ್ಲೇ ತಗೋರಿ, ಅಷ್ಟೇ. ಅದಕ್ಕ ಬೇಕಾಗೋದು ಖಾಲಿ ಹೊಟ್ಟಿ, ಅರ್ಧದಿಂದ ಒಂದು ತಾಸು ಏನೂ ತಿನ್ನಬಾರ್ದು, ಚಹಾನೂ ಕುಡೀಬಾರ್ದು, ಕ್ಯಾಲ್ಸಿಯಂ ಗುಳಿಗಿ ಇದ್ರ ನಾಕು ತಾಸು ದೂರ ಇಡ್ಬೇಕು. ಅಮ್ಲೋಡಿಪಿನ್ ಸುದ್ದಿನೂ ಹೆಚ್ಚುಕಮ್ಮಿ ಹಂಗೇ, ಅದರ ಅರ್ಧಾಯುಷ್ಯ 30ರಿಂದ 50 ತಾಸು, ಒಂದು ಉದ್ದ ದಿನಕ್ಕ ಬಿಪಿ ಒಮ್ಮೆಲೇ ಏರಂಗಿಲ್ಲ. ಇವೆರಡರದೂ ಒಂದೇ ಎಚ್ಚರಿಕಿ, ತಡ ಆತಲ್ಲ ಅಂತ ಎರಡು ಕೂಡ್ಸಿ ನುಂಗಬಾರ್ದು.

ಗ್ಲಾರ್ಜಿನ್ ಬ್ಯಾರೆ ಜಾತಿ. ಅದರ ಕೆಲಸ ಸುಮಾರು 24 ತಾಸು ನಡೀತದ, ಆಮ್ಯಾಲ ಮುಗೀತದ. ಊಟ ಮಾಡ್ರಿ ಬಿಡ್ರಿ, ಹಗಲಿರ್ಲಿ ರಾತ್ರಿ ಇರ್ಲಿ, ಅದಕ್ಕ ಸಂಬಂಧ ಇಲ್ಲ, ಹಿಂದಿನ ಡೋಸಿಂದ ಎಷ್ಟು ತಾಸು ಆತು ಅನ್ನೋದಷ್ಟೇ ಲೆಕ್ಕ. ಮಗಳು ಹೇಳಿದಂಗ ಡಲ್ಲಾಸ್ ರಾತ್ರಿತನ ಕಾದ್ರ ಕೊನೀ ಹತ್ತು ತಾಸು ಇನ್ಸುಲಿನ್ ಇಲ್ಲದಂಗ ಆಗ್ತಿತ್ತು, ಟೈಪ್ 2 ಇರೋದ್ರಿಂದ ಜೀವಕ್ಕ ತೊಂದ್ರಿ ಬರೋ ಸಂಭವ ಕಮ್ಮಿ, ಆದ್ರೂ ಶುಗರ್ ಏರಿ ಬಾಯಿ ಒಣಗಿ ಮ್ಯಾಲಿಂದ ಮ್ಯಾಲ ಮೂತ್ರಕ್ಕ ಓಡೋದು ವಿಮಾನದಾಗ ಬ್ಯಾಡಾದ ಕೆಲಸ. ಟೈಪ್ 1 ಆಗಿದ್ರ ಅದೇ ಹತ್ತು ತಾಸು ಕೀಟೋಆಸಿಡೋಸಿಸ್‌ಗೆ, ಅಂದ್ರ ರಕ್ತ ಹುಳಿಯಾಗಿ ಜೀವಕ್ಕ ಬರೋ ಸ್ಥಿತಿಗೆ, ಸಾಕು.

ಇಲ್ಲಿ ನಮ್ಮ ಕೆಲಸ ಸರಳ ಮಾಡಿದ್ದು ಆ ಹತ್ತೂವರಿ ತಾಸೇ. ಊರ ರಾತ್ರಿ 9 ಅಂದ್ರ ಡಲ್ಲಾಸ್ ಮುಂಜಾನಿ 10:30, ಅದು ಎಚ್ಚರ ಇರೋ ಹೊತ್ತು, ನಾಷ್ಟಾ ಆದಮ್ಯಾಲಿನ ಹೊತ್ತು. ಹಂಗಿದ್ದಮ್ಯಾಲ ಬದಲ್ಸೋದು ಯಾಕ? ಅಲ್ಲಿ ಇರೋತನ ಗ್ಲಾರ್ಜಿನ್ ಮುಂಜಾನಿ 10:30ಕ್ಕೇ ನಡೀಲಿ ಅಂತ ತೀರ್ಮಾನ ಮಾಡಿದ್ವಿ. ರಾತ್ರಿ ತಗೋಬೇಕು ಅನ್ನೋ ನಿಯಮ ಗ್ಲಾರ್ಜಿನ್‌ಗೆ ಇಲ್ಲ, ದಿನಾ ಒಂದೇ ಹೊತ್ತಿಗೆ ಇರ್ಬೇಕು ಅನ್ನೋದಷ್ಟೇ ನಿಯಮ. ನಡುವ ಅರ್ಧ ಡೋಸು, ಪಾವು ಡೋಸು ಅಂತ ಜೋಡ್ಸೋ ಲೆಕ್ಕ ಅದ, ಮುಂದ ಹೇಳ್ತೀನಿ, ಆದ್ರ ಆ ಲೆಕ್ಕ ಬೇಕಾಗದಂಗ ಮಾಡ್ಕೊಳ್ಳೋದೇ ಜಾಣತನ ಅಂತ ನನ್ನ ಅಭಿಪ್ರಾಯ. ಒಬ್ರೇ ಹೊಂಟ, ನಿದ್ದಿಗೆಟ್ಟ, ಮೊದಲನೇ ಸಲ ಇಷ್ಟು ದೂರ ಹೋಗೋ ಮನುಷ್ಯಾರ ಕೈಯಾಗ ಹೊಸ ಯೂನಿಟ್ ಲೆಕ್ಕ ಕೊಡೋದು ನನಗ ಸರಿ ಅನ್ಸಂಗಿಲ್ಲ.

ಮೂರನೇದು ಗ್ಲಿಮೆಪಿರೈಡ್ ಇರೋ ಗುಳಿಗಿ, ಇದಕ್ಕ ಗಡಿಯಾರಾನೇ ಇಲ್ಲ, ತಾಟೇ ಗಡಿಯಾರ. ಈ ಗುಳಿಗಿ ಪ್ಯಾಂಕ್ರಿಯಾಸ್‌ಗೆ ಇನ್ಸುಲಿನ್ ಬಿಡು ಅಂತ ಹಿಂಡ್ತದ, ಹೊಟ್ಟ್ಯಾಗ ಊಟ ಇದೆಯೋ ಇಲ್ಲೋ ಅದು ನೋಡಂಗಿಲ್ಲ. ಅದಕ್ಕ ಅಕ್ಕೋರಿಗೆ ಮಾಡಿಕೊಟ್ಟ ಚಾರ್ಟ್‌ದಾಗ ಕೆಂಪು ಪೆನ್ನಿಂದ ಬರ್ದಿದ್ದೆ, ಊಟ ಮುಂದ ಬಂದು ಮುಚ್ಚಳ ತೆಗೆದಮ್ಯಾಲೇ ಗುಳಿಗಿ, ಒಂದು ಗುಳಿಗಿಗೂ ಮುಂದಿಂದಕ್ಕೂ ಕಮ್ಮಿ ಅಂದ್ರ ಎಂಟು ತಾಸು, ಉದ್ದ ದಿನದಾಗ ಮೂರು ಊಟ ನಾಕು ಊಟ ಆದ್ರ ಎಲ್ಲಾದಕ್ಕೂ ಗುಳಿಗಿ ಬ್ಯಾಡ.

ಇನ್ನ ಪ್ರಯಾಣ. ಬುಧವಾರ ಸಂಜಿ 6ಕ್ಕ ಕಲಬುರಗಿ ಬಿಟ್ಟು ಹುಮನಾಬಾದ್ ಮ್ಯಾಲಿಂದ ಹೊಂಟ್ರು, ಜಹೀರಾಬಾದ್ ಹತ್ರ ನಿಂತು ಊಟ, ಊಟದ ಗುಳಿಗಿ, 9ಕ್ಕ ಗ್ಲಾರ್ಜಿನ್. ಮೇ ತಿಂಗಳ ಬಿಸಲಾಗ ಪೆನ್ ಕಾರಿನ ಡ್ಯಾಶ್‌ಬೋರ್ಡ್ ಮ್ಯಾಲ ಇಡಬ್ಯಾಡ್ರಿ ಅಂತ ಮಗನಿಗೆ ಮೊದ್ಲೇ ಹೇಳಿದ್ದೆ, ಬಳಸ್ತಿರೋ ಪೆನ್ 30 ಡಿಗ್ರಿ ಒಳಗ ಇದ್ರ 28 ದಿನ ನಡೀತದ, ನಮ್ಮ ಕಡಿ ಬ್ಯಾಸಗಿದಾಗ ನಿಲ್ಸಿದ ಕಾರು ಅದಕ್ಕಿಂತ ಎಷ್ಟೋ ಹೆಚ್ಚು ಕಾಯ್ತದ. ಔಷಧ ಪೂರಾ ಕೈಚೀಲದಾಗ, ಚೆಕ್ಇನ್ ಬ್ಯಾಗಿನ್ಯಾಗ ಒಂದೂ ಇಲ್ಲ, ಜೋಡಿ ನನ್ನ ಲೆಟರ್ ಮತ್ತ ಚೀಟಿ. ಸಾಮಾನು ಇಡೋ ಕೆಳಗಿನ ಖಾನ್ಯಾಗ ಥಂಡಿ ಹತ್ತಿ ಇನ್ಸುಲಿನ್ ಗಟ್ಟಿಯಾದ್ರ ಕರಗಿದಮ್ಯಾಲೂ ಅದು ಕೆಟ್ಟಂಗೇ.

ಕೈಯಾಗಿನ ಹಳೀ ವಾಚ್ ಊರ ಟೈಮಿಗೇ ಇಡ್ರಿ, ಮುಳ್ಳು ತಿರುವಬ್ಯಾಡ್ರಿ ಅಂದಿದ್ದೆ. ಸಣ್ಣ ಡೈರಿದಾಗ ಒಂದೊಂದು ಡೋಸೂ ಊರ ಟೈಮ್‌ದಾಗೇ ಬರೀಬೇಕು, ವಾರದ ಹೆಸರು ಹಚ್ಚಿ. ಅಕ್ಕೋರು ಹಾಜರಿ ಪುಸ್ತಕ ತುಂಬಿದ ಕೈಯವ್ರು, ಇದನ್ನ ಒಂದು ಗೆರಿ ತಪ್ಪದಂಗ ಮಾಡ್ಯಾರ, ಅದಕ್ಕೇ ನನಗ ಇಷ್ಟು ವಿವರ ಸಿಕ್ಕದ.

ಗುರುವಾರ ನಸುಕಿನ್ಯಾಗ 3:45ಕ್ಕ ವಿಮಾನ ಬಿಡ್ತು. ಅವರು ಏನೂ ತಿನ್ನದೇ ಮಲಗಿದ್ರು, 6ಕ್ಕ ಎಚ್ಚರಾಗಿ ಥೈರಾಯ್ಡ್ ಗುಳಿಗಿ ತಗೊಂಡ್ರು. ದೋಹಾದಾಗ ಇಳಿದಾಗ ಊರ ಟೈಮ್ 8:15, 9ಕ್ಕ ಡಬ್ಬಿದಾಗಿನ ಚಪಾತಿ ಪಲ್ಯ ತಿಂದು ಶುಗರ್ ಗುಳಿಗಿ, ಬಿಪಿ ಗುಳಿಗಿ. 10:45ಕ್ಕ ದೊಡ್ಡ ವಿಮಾನ, ಹದಿನಾರು ತಾಸಿನ ದಾರಿ. ಮಧ್ಯಾಹ್ನ ಹನ್ನೆರಡೂವರಿ ಸುಮಾರು ಊಟ ಬಂತು, ತಿಂದ್ರು, ಗುಳಿಗಿ ಇಲ್ಲ. ಅಲ್ಲಿತನ ಎಲ್ಲಾ ಚಾರ್ಟ್ ಪ್ರಕಾರ.

ಆಮ್ಯಾಲ ಕಿಟಕಿ ಮುಚ್ಚಿ ಲೈಟ್ ಆರಿಸಿಬಿಟ್ರು, ಎಲ್ಲಾರೂ ಮಲಗಿದ್ರು. ವಾಚ್‌ದಾಗ 8:30 ಆತು. ಊರಾಗ ಅದು ಅವರ ಊಟದ ಹೊತ್ತು, ಎಷ್ಟೋ ವರ್ಷದ ರೂಢಿ, ಇನ್ನೇನು ಊಟ ತರ್ತಾರ ಅಂತ ಗುಳಿಗಿ ನುಂಗಿಬಿಟ್ರು. ಊಟ ಬರ್ಲಿಲ್ಲ. ಅಷ್ಟು ಉದ್ದ ವಿಮಾನದಾಗ ಎರಡನೇ ಊಟ ಇಳಿಯೋ ಎರಡು ತಾಸು ಮೊದ್ಲು ಕೊಡ್ತಾರ, ಅಂದ್ರ ಅವರ ವಾಚ್ ಪ್ರಕಾರ ರಾತ್ರಿ ಹನ್ನೆರಡೂಮುಕ್ಕಾಲಿಗೆ. 9ಕ್ಕ ಗ್ಲಾರ್ಜಿನ್ 18 ಯೂನಿಟ್ ತಗೊಂಡ್ರು, ಅದು ಸರಿನೇ ಇತ್ತು. 10:15ಕ್ಕ ಕೈ ನಡುಗ್ಲಿಕ್ಕ ಹತ್ತಿ, ಎಸಿಯೊಳಗೂ ಕುತ್ತಿಗಿ ಬೆವರಿ, ಎದಿ ಬಡ್ಕೊಳ್ಳಿಕ್ಕ ಶುರುವಾತು. ಮೊದಲ ಅನ್ಸಿದ್ದು ವಿಮಾನದ ಹೆದರಿಕಿ ಇರ್ಬೇಕು ಅಂತ. ಆದ್ರೂ ಗ್ಲೂಕೋಮೀಟರ್ ತೆಗೆದು ನೋಡಿದ್ರು, 61.

70ರ ಕೆಳಗ ಬಂದ್ರ ಅದು ಹೈಪೋ, ಕಾಯೋ ಮಾತೇ ಇಲ್ಲ. ಕೈಚೀಲದಾಗ ಗ್ಲೂಕೋಸ್ ಪುಡಿ ಇತ್ತು, ಮೂರು ಚಮಚ ನೀರಾಗ ಕಲಿಸಿ ಕುಡದ್ರು, ಅದು ಸುಮಾರು 15 ಗ್ರಾಂ ಆಗ್ತದ. ಹದಿನೈದು ನಿಮಿಷ ಬಿಟ್ಟು ನೋಡಿದ್ರ 79, ಇನ್ನೊಂದು ಸಲ ನೋಡಿದಾಗ 98. ಅಷ್ಟಕ್ಕೇ ಬಿಡ್ಲಿಲ್ಲ, ಮನ್ಯಾಗ ಮಾಡಿದ ಶೇಂಗಾ ಹೋಳಿಗಿ ಒಂದು ತಿಂದ್ರು. ಇದು ಭಾಳ ಮಹತ್ವದ್ದು, ಯಾಕಂದ್ರ ಗ್ಲಿಮೆಪಿರೈಡ್‌ದಿಂದ ಇಳಿದ ಶುಗರ್ ಗ್ಲೂಕೋಸ್‌ದಿಂದ ಏರಿದ್ರೂ ಮತ್ತ ಇಳೀಬಹುದು, ಗುಳಿಗಿ ಇನ್ನೂ ಮೈಯಾಗೇ ಇರ್ತದ. ಮುಂದ ಊಟ ಬಂದಾಗ ಉಂಡ್ರು, ಗುಳಿಗಿ ಮತ್ತ ತಗೊಳ್ಳಿಲ್ಲ.

ಮಗಳು ಆಮ್ಯಾಲ ಫೋನ್ ಮಾಡಿದಾಗ, "ಸರ್, ಊರ ಟೈಮಿಗೆ ಇನ್ಸುಲಿನ್ ತಗೊಂಡಿದ್ದಕ್ಕೇ ಹಿಂಗಾತು, ಇನ್ನ ಅದನ್ನ ರಾತ್ರಿಗೆ ಹಾಕಿಬಿಡೋಣು" ಅಂದ್ಳು. ಇಲ್ಲಿ ತಪ್ಪು ಔಷಧದ ಮ್ಯಾಲ ಅಪವಾದ ಹೋಗ್ತಿತ್ತು. ಗ್ಲಾರ್ಜಿನ್ ನಿಧಾನಕ್ಕ ಶುರುವಾಗಿ ಹೆಚ್ಚುಕಮ್ಮಿ ಸಮ ನಡೀತದ, ತಗೊಂಡ ಒಂದೇಕಾಲು ತಾಸಿಗೆ ಶುಗರ್ 61ಕ್ಕ ಇಳಿಸೋ ಔಷಧ ಅದಲ್ಲ. ಗ್ಲಿಮೆಪಿರೈಡ್‌ನ ಜೋರು ಎರಡು ಮೂರು ತಾಸಿನ್ಯಾಗ ಏರ್ತದ, ಹಿಂದಿನ ಊಟ ಆಗಿ ಆಗಲೇ ಒಂಬತ್ತೂವರಿ ತಾಸಿನ ಮ್ಯಾಲ ಆಗಿತ್ತು. ಡೈರಿದಾಗ ಊಟದ ಟೈಮೂ ಬರ್ದಿದ್ರಿಂದ ಇದು ಗೊತ್ತಾತು, ಬರೇ ಔಷಧದ ಟೈಮ್ ಇದ್ದಿದ್ರ ನಾನೂ ಇನ್ಸುಲಿನ್ ಮ್ಯಾಲೇ ಸಂಶಯ ಪಡ್ತಿದ್ದೆ.

ಡಲ್ಲಾಸ್‌ದಾಗ ಇಳಿದಾಗ ಅಲ್ಲಿ ಗುರುವಾರ ಸಂಜಿ 4:15. ಮನಿಗೆ ಹೋಗಿ ರಾತ್ರಿ 8ಕ್ಕ ಊಟಕ್ಕ ಮೊದಲ ಶುಗರ್ ನೋಡಿದ್ರು, 148, ಹಿಂದಿನ ಗುಳಿಗಿ ಆಗಿ ಹತ್ತು ತಾಸು ಆಗಿತ್ತು, ಅದಕ್ಕ ಊಟದ ಜೋಡಿ ಗುಳಿಗಿ ತಗೊಂಡ್ರು. 9ಕ್ಕ ಮೊಬೈಲ್ ಅಲಾರಾಂ ಹೊಡೀತು. ಇಲ್ಲೇ ದೊಡ್ಡ ಗಂಡಾಂತರ ಇತ್ತು ನೋಡ್ರಿ. ಊರಾಗ ಇನ್ಸುಲಿನ್‌ಗೆ ಅಂತ ಇಟ್ಟಿದ್ದ ರಾತ್ರಿ 9ರ ಅಲಾರಾಂ ಅದು, ಫೋನ್ ಅಲ್ಲಿ ನೆಟ್‌ವರ್ಕ್ ಹಿಡಿದ ಕೂಡ್ಲೇ ತಾನಾಗೇ ಡಲ್ಲಾಸ್ ಟೈಮಿಗೆ ತಿರುಗಿತ್ತು, ಅಲಾರಾಮೂ ಅದರ ಜೋಡಿ ತಿರುಗಿತ್ತು. ಹೊರಗ ಕತ್ತಲ, ಊಟ ಆಗ್ಯಾದ, ಅಲಾರಾಂ ಹೊಡೀತದ, ಮನಸ್ಸು ಇದು ಇನ್ಸುಲಿನ್ ಹೊತ್ತೇ ಅನ್ನತದ. ಮಗಳು ಪೆನ್ನಿಗೆ ಸೂಜಿ ಹಚ್ಚಿಬಿಟ್ಟಿದ್ಳು. ಅಕ್ಕೋರು ಡೈರಿ ತೆಗೆದ್ರು, "ಗುರುವಾರ 9 ರಾತ್ರಿ, 18" ಅಂತ ಇತ್ತು, ವಾಚ್ ನೋಡಿದ್ರ ಶುಕ್ರವಾರ ಮುಂಜಾನಿ 7:30. ಹತ್ತೂವರಿ ತಾಸು ಅಷ್ಟೇ ಆಗ್ಯಾದ ಅಂತ ನಿಲ್ಸಿದ್ರು. ತಗೊಂಡಿದ್ರ ಹತ್ತೂವರಿ ತಾಸಿನ್ಯಾಗ 36 ಯೂನಿಟ್ ಆಗಿ, ನಡುರಾತ್ರಿ ನಿದ್ದಿದಾಗ, ದಣಿದ ಮೈಯಾಗ ಹೈಪೋ ಆಗ್ತಿತ್ತು, ಅದು ವಿಮಾನದಾಗಿಂದಕ್ಕಿಂತ ಕೆಟ್ಟದ್ದು, ಯಾಕಂದ್ರ ಗ್ಲಾರ್ಜಿನ್ ಹೈಪೋ ತಾಸುಗಟ್ಲೆ ಎಳೀತದ.

ಆ ದಿನದಿಂದ ಊರ ಅಲಾರಾಂ ತೆಗೆದುಹಾಕಿ ಮುಂಜಾನಿ 10:30ಕ್ಕ ಹೊಸಾದು ಇಟ್ರು. ಶುಕ್ರವಾರ ಮುಂಜಾನಿ ಖಾಲಿ ಹೊಟ್ಟಿ ಶುಗರ್ 131. ಥೈರಾಯ್ಡ್, ಬಿಪಿ ಗುಳಿಗಿ ಅಲ್ಲಿ ಮುಂಜಾನಿಗೇ ಹೊಂದಿಕೊಂಡ್ವು, ಹಿಂದಿನ ಡೋಸಿಂದ ಮೂವತ್ಮೂರು ಮೂವತ್ನಾಲ್ಕು ತಾಸು ತೆರವು ಬಿದ್ದಿತ್ತು, ಬಿಪಿ 134/82 ಇತ್ತು.

ಕೂಸು ಹುಟ್ಟಿದಮ್ಯಾಲ ಹತ್ತೂವರಿ ಅಂದ್ರ ಎಣ್ಣಿ ಹಚ್ಚಿ ಎರೆಯೋ ಹೊತ್ತಾತು, ಇನ್ಸುಲಿನ್ ಮರೀಲಿಕ್ಕ ಹತ್ತಿದ್ರು. ಮತ್ತ ಕೇಳಿದ್ರು, ರಾತ್ರಿಗೆ ಹಾಕ್ಕೊಳ್ಳಲೇನು ಅಂತ. ಬ್ಯಾಡ ಅಂದೆ. ಹತ್ತೂವರಿ ತಾಸು ಸರಿಸ್ಬೇಕಾಗ್ತದ, ಊರಿಗೆ ಬರೋ ಮುಂದ ಮತ್ತ ಅಷ್ಟೇ ಸರಿಸ್ಬೇಕಾಗ್ತದ. ಅದರ ಬದಲಿ ದಿನಾ ಅರ್ಧರ್ಧ ತಾಸು ಹಿಂದಕ್ಕ ತಂದು ಮೂರು ದಿನದಾಗ ಮುಂಜಾನಿ 9ಕ್ಕ ಕೂಡ್ಸಿದ್ವಿ, ನಾಷ್ಟಾದ ಜೋಡಿ. ಡಲ್ಲಾಸ್ 9 ಅಂದ್ರ ಊರ ಟೈಮ್ ಸಂಜಿ 7:30.

ಒಂದು ವೇಳೆ ರಾತ್ರಿ 9ಕ್ಕ ಬದಲ್ಸಿದ್ರ ವಾಪಸ್ ಬರೋವಾಗ ಏನಾಗ್ತಿತ್ತು ಅಂತ ಅವರಿಗೂ ಲೆಕ್ಕ ಹಾಕಿ ತೋರಿಸಿದೆ. ಡಲ್ಲಾಸ್ ರಾತ್ರಿ 9ರಿಂದ ಊರ ರಾತ್ರಿ 9ಕ್ಕ ಹದಿಮೂರೂವರಿ ತಾಸು, ಎರಡೂ ಕಡಿ ಪೂರಾ 18 ತಗೊಂಡ್ರ ಹತ್ತು ತಾಸು ಎರಡು ಡೋಸ್ ಒಂದರ ಮ್ಯಾಲೊಂದು ಕೆಲಸ ಮಾಡ್ತಾವ. ಆಗ ಆ ಸಣ್ಣ ದಿನ ಶುರು ಮಾಡೋ ಡೋಸನ್ನೇ ಕಡಿಮಿ ಮಾಡ್ಬೇಕು, 18ನ್ನ 24ರಿಂದ ಭಾಗಿಸಿ ಹದಿಮೂರೂವರಿಯಿಂದ ಗುಣಿಸಿದ್ರ ಸುಮಾರು 10 ಯೂನಿಟ್. ವಿಮಾನದಾಗ 10, ಊರ ರಾತ್ರಿ 9ಕ್ಕ 18. ಲೆಕ್ಕ ಕಠಿಣ ಅಲ್ಲ, ಖರೇ ಯಾವ ಡೋಸ್ ಕಮ್ಮಿ ಮಾಡೋದು ಅನ್ನೋದ್ರಾಗೇ ಮಂದಿ ತಪ್ತಾರ, ಮೊದಲಿಂದು ಪೂರಾ ತಗೊಂಡು ಎರಡನೇದು ಅರ್ಧ ಮಾಡ್ತಾರ, ಆಗ ಎರಡನೇದು ತಗೊಂಡಮ್ಯಾಲ ಮೊದಲ ಹತ್ತು ತಾಸು ಡೋಸ್ ಹೆಚ್ಚು, ಕಡೀಕ ಕಮ್ಮಿ.

ಈ ಯೋಜನಾ ಎಲ್ಲಾರಿಗೂ ಹೊಂದಂಗಿಲ್ಲ ಅನ್ನೋದು ಸ್ಪಷ್ಟ ಇರ್ಲಿ. ನಮ್ಮ ಕಡಿ ಭಾಳ ಮಂದಿ ತಗೊಳ್ಳೋದು 30/70 ಮಿಕ್ಸ್ ಇನ್ಸುಲಿನ್, ದಿನಕ್ಕ ಎರಡು ಸಲ. ಅದರಾಗ ಊಟಕ್ಕ ಬೇಕಾಗೋ ಭಾಗಾನೂ ಉದ್ದ ನಡಿಯೋ ಭಾಗಾನೂ ಒಂದೇ ಸೂಜಿದಾಗ ಇರ್ತಾವ, ಅದಕ್ಕ ಊಟಾನೂ ಬೇಕು ತಾಸೂ ಬೇಕು, ಊರ ಟೈಮ್ ಹಿಡಿದ್ರ ಊಟ ಸಿಗಂಗಿಲ್ಲ, ಊಟ ಹಿಡಿದ್ರ ತಾಸು ಕೂಡಂಗಿಲ್ಲ. ಅಂಥವ್ರು ಹೊರಡೋ ಒಂದು ತಿಂಗಳ ಮೊದ್ಲೇ ತಮ್ಮ ಡಾಕ್ಟರ್ ಹತ್ರ ಹೋದ್ರ ಇನ್ಸುಲಿನ್ ಬದಲ್ಸಿ ನೋಡ್ಲಿಕ್ಕ ಟೈಮ್ ಸಿಗ್ತದ, ಟಿಕೆಟ್ ಹಿಡ್ಕೊಂಡು ಹಿಂದಿನ ದಿನ ಬಂದ್ರ ಆಗಂಗಿಲ್ಲ. ಡೆಗ್ಲುಡೆಕ್ ಅನ್ನೋ ಇನ್ಸುಲಿನ್ 42 ತಾಸಿಗಿಂತ ಹೆಚ್ಚು ನಡೀತದ, ಅದರಾಗ ಹೊಂದಾಣಿಕಿ ಸಲೀಸು. ಫಿಟ್ಸ್ ಗುಳಿಗಿ ತಗೊಳ್ಳೋರಿಗೆ ನಿದ್ದಿಗೇಡೇ ಫಿಟ್ಸ್ ತರಸ್ತದ, ಅದರ ಮ್ಯಾಲ ಡೋಸಿನ ತೆರವೂ ಬಿದ್ರ ಇನ್ನೂ ಕೆಟ್ಟದ್ದು, ಅವರು ತಾಸಿನ ಅಂತರ ಬಿಡಬಾರ್ದು.

ಅಕ್ಕೋರು ಅಕ್ಟೋಬರ್‌ದಾಗ ವಾಪಸ್ ಬಂದ್ರು. ಶನಿವಾರ ಮುಂಜಾನಿ 9ಕ್ಕ ಡಲ್ಲಾಸ್ ಮನ್ಯಾಗ ಇನ್ಸುಲಿನ್, ಸಂಜಿ 6ಕ್ಕ ವಿಮಾನ. ಮುಂದಿಂದು ಊರ ಟೈಮ್ ರವಿವಾರ ಸಂಜಿ 7:30ಕ್ಕ ಇತ್ತು, ಆಗ ಅವರು ದೋಹಾದಾಗ ಇಳೀಲಿಕ್ಕ ಹತ್ತಿದ್ರು, 8ಕ್ಕ ಕುರ್ಚಿ ಹಿಡಿದು ಕೂತಮ್ಯಾಲ ತಗೊಂಡ್ರು, ಅರ್ಧ ತಾಸು ಆಚೆ ಈಚೆ ಗ್ಲಾರ್ಜಿನ್‌ಗೆ ಏನೂ ಅಲ್ಲ. ಈ ಸಲ ಶುಗರ್ ಗುಳಿಗಿ ಊಟದ ತಾಟಿನ ಜೋಡಿನೇ ಬಾಯಿಗೆ ಹೋಗ್ಯಾದ, ಎಲ್ಲಿನೂ 110ರ ಕೆಳಗ ಇಳೀಲಿಲ್ಲ. ಕಲಬುರಗಿಗೆ ಬಂದಮ್ಯಾಲ ಇನ್ಸುಲಿನ್ ಮತ್ತ 9ಕ್ಕ ಒಯ್ಯಲೇನು ಅಂತ ಕೇಳಿದ್ರು. 7:30 ಅವರಿಗೆ ಒಗ್ಗಿತ್ತು, ಮರಿತಿರ್ಲಿಲ್ಲ, ಅಲ್ಲೇ ಬಿಟ್ಟೀವಿ.